ಸೋಲಾರ್ ಮತ್ತು ಇಲೆಕ್ಟ್ರಿಕ್ ಗಾಡಿ ಕೆಲಸ: ಸೇರುವ ಮುಂಚೆ ಮಾಲೀಕರನ್ನು ಪರೀಕ್ಷಿಸುವುದು ಹೇಗೆ?

(ಸಂಘದ ರಜತ ಮಹೋತ್ಸವದಲ್ಲಿ ಮಾಡಿದ ಭಾಷಣದ ಸಾರ)



ಖಾನಾಪುರ ತಾಲೂಕಿನ ನಮ್ಮ ಹುಡುಗರು ಐಟಿಐ, ಡಿಪ್ಲೊಮಾ ಮುಗಿಸಿ ಬೆಳಗಾವಿಗೆ ಹೋಗಿ, ಸದಾಶಿವನಗರದ ಕಡೆ ರೂಮು ಹಿಡಿದು ಕೆಲಸ ಹುಡುಕುತ್ತಾರೆ. ಈಗ ಅವರನ್ನು ಹೆಚ್ಚಾಗಿ ಕರೆಯುವವರು ಇಬ್ಬರು: ಮನೆ ಮೇಲೆ ಸೋಲಾರ್ ಕೂಡಿಸುವವರು, ಮತ್ತು ಇಲೆಕ್ಟ್ರಿಕ್ ಸ್ಕೂಟರ್ ಶೋರೂಮಿನವರು. ಮಾಲೀಕ ಎಂಥವನು ಅಂತ ತಿಳಿಯುವುದು ಹೇಗೆ, ಅಷ್ಟನ್ನೇ ನಾವು ಇವತ್ತು ಹೇಳುತ್ತೇವೆ.

ಮೊದಲು ಸೋಲಾರ್. 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಶುರುವಾಯಿತು. 3 ಕಿಲೋವ್ಯಾಟಿನ ಮನೆಗೆ 78,000 ರೂಪಾಯಿ ಸಬ್ಸಿಡಿ. ಆದರೆ ಆ ಹಣ ಕಂಪನಿಗೆ ಬರುವುದಿಲ್ಲ. ಪ್ಯಾನೆಲ್ ಕೂಡಿಸಿ, ಹೆಸ್ಕಾಂನವರು ಮೀಟರ್ ಹಾಕಿ ಚಾಲೂ ಮಾಡಿದ ಮೇಲೆ ಮನೆಯವರ ಬ್ಯಾಂಕ್ ಖಾತೆಗೆ ಬರುತ್ತದೆ. ಅಲ್ಲಿಯ ತನಕ ಸಾಮಾನಿನ ಖರ್ಚು ಯಾರದು? "ಸಬ್ಸಿಡಿ ಬಂದಮ್ಯಾಲೆ ಕೊಡ್ರಿ" ಅಂತ ಗಿರಾಕಿ ಹಿಡಿಯುವ ಮಾಲೀಕನ ರೊಕ್ಕವೆಲ್ಲ ಮಾಳಿಗೆ ಮೇಲೆಯೇ ಕೂತಿರುತ್ತದೆ. ಅಂಥಲ್ಲಿ ಮೊದಲು ತಡವಾಗುವುದು ಹುಡುಗರ ಪಗಾರ. ಆದ್ದರಿಂದ ಅಲ್ಲಿ ಈಗಾಗಲೇ ದುಡಿಯುವವರನ್ನು ಚಹಾ ಅಂಗಡಿಯಲ್ಲಿ ಭೇಟಿಯಾಗಿ ಒಂದೇ ಮಾತು ಕೇಳ್ರಿ: "ಹೋದ ಮೂರು ತಿಂಗಳ ಪಗಾರ ಯಾವ್ಯಾವ ತಾರೀಖಿಗೆ ಬಂತು?"

ಯೋಜನೆಗೆ ನೋಂದಣಿಯಾದ ಕಂಪನಿಗಳ ಪಟ್ಟಿ pmsuryaghar.gov.in ನಲ್ಲಿ ಸಿಗುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅವನು ಬೇರೆಯವರ ಕೈಕೆಳಗಿನ ಉಪಗುತ್ತಿಗೆದಾರ ಇರಬಹುದು. ಇನ್ನೊಂದು ಮಾತು: ಈ ಯೋಜನೆ ಮಂಜೂರಾದದ್ದು 2026-27ರ ತನಕ. ಆಮೇಲೆ ಏನು ಕೆಲಸ ಅಂತ ಕೇಳಬೇಕು. ಕೂಡಿಸಿದ ಪ್ಯಾನೆಲ್‌ಗಳಿಗೆ ಐದು ವರ್ಷ ನಿರ್ವಹಣೆ ಕೊಡುವುದು ಕಂಪನಿಯ ಹೊಣೆ. ಅದಕ್ಕೆ ಬೇರೆ ತಂಡ ಇಟ್ಟವನು ಉಳಿಯುವ ಮನುಷ್ಯ.

ಈಗ ಪಗಾರದ ಲೆಕ್ಕ. "ಸಿಟಿಸಿ 17,960" ಅಂತ ಪತ್ರ ಬಂತು ಅನ್ನೋಣ. ಅದರಲ್ಲಿ ನಿಜವಾದ ಪಗಾರ 16,000, ಮೂಲ ವೇತನ 12,000. ಮಾಲೀಕ ತುಂಬುವ ಪಿಎಫ್ ನೂರಕ್ಕೆ 12ರಂತೆ 1,440, ಇಎಸ್‌ಐ 520. ಇವೆರಡೂ ಸೇರಿಯೇ ಆ 17,960. ಇನ್ನು ಹುಡುಗನ ಪಾಲಿನ ಪಿಎಫ್ 1,440, ಇಎಸ್‌ಐ 120 ಕಡಿತ. ಕೈಗೆ ಬರುವುದು 14,440. ಇದು ಮೋಸವಲ್ಲ, ಆ ಹಣ ಅವನದೇ. ಮೋಸ ಎಲ್ಲಿ ಅಂದರೆ, ಕಡಿತ ಮಾಡಿ ತುಂಬದೇ ಇರುವುದು. ಪಿಎಫ್ ನಂಬರು ತೆಗೆದುಕೊಂಡು ಎರಡನೇ ತಿಂಗಳಲ್ಲೇ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಬೇಕು. ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಪಿಎಫ್ ಕಡ್ಡಾಯ. ನೇಮಕಾತಿ ಪತ್ರ ಕೊಡದೆ, ಮೂಲ ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳುತ್ತೇವೆ ಅನ್ನುವವನ ಬಾಗಿಲಿಂದಲೇ ತಿರುಗಿ ಬರ್ರಿ.

ಪಗಾರಕ್ಕಿಂತ ದೊಡ್ಡದು ಜೀವ. ಸೇರುವ ಮುಂಚೆ ಕೆಲಸ ನಡೆದ ಒಂದು ಮನೆಗೆ ಹೋಗಿ ಅರ್ಧ ತಾಸು ನಿಂತು ನೋಡ್ರಿ. ಆರು ಪ್ಯಾನೆಲ್ ಸಾಲಾಗಿ ಜೋಡಿಸಿದರೆ ಸುಮಾರು 300 ವೋಲ್ಟ್ ಡಿಸಿ ಆಗುತ್ತದೆ. ಮೇನ್ ಸ್ವಿಚ್ ಬಂದ್ ಮಾಡಿದರೂ ಬಿಸಿಲು ಇರುವ ತನಕ ಪ್ಯಾನೆಲ್ ವೈರಿನಲ್ಲಿ ಆ ವೋಲ್ಟೇಜ್ ಇದ್ದೇ ಇರುತ್ತದೆ. ಡಿಸಿಯ ಕಿಡಿ ಮನೆ ಕರೆಂಟಿನ ಕಿಡಿಯಂತೆ ಸುಲಭವಾಗಿ ಆರುವುದಿಲ್ಲ. ಕನೆಕ್ಟರ್ ಒತ್ತಲು ಕ್ರಿಂಪಿಂಗ್ ಟೂಲ್ ಬೇಕು. ಪಕ್ಕಡದಿಂದ ಒತ್ತಿದ ಜಾಯಿಂಟ್ ಇವತ್ತು ನಡೆಯುತ್ತದೆ, ಮುಂದೊಂದು ದಿನ ಬಿಸಿಯಾಗಿ ಸುಡುತ್ತದೆ. ಹುಡುಗರ ಸೊಂಟಕ್ಕೆ ಸೇಫ್ಟಿ ಬೆಲ್ಟು, ಅದರ ಹಗ್ಗ ಗಟ್ಟಿ ಜಾಗಕ್ಕೆ ಕಟ್ಟಿದೆಯೇ? ಕ್ರಿಂಪಿಂಗ್ ಟೂಲ್ ಇದೆಯೇ? ಡಿಸಿ ಅಳೆಯುವ ಮೀಟರ್ ಇದೆಯೇ? ಈ ಮೂರೂ ಇಲ್ಲದ ಮಾಲೀಕ ಎರಡು ಸಾವಿರ ಹೆಚ್ಚು ಕೊಟ್ಟರೂ ಬೇಡ.

ಇನ್ನು ಸ್ಕೂಟರ್ ಶೋರೂಮು. 2023ರಲ್ಲಿ ಕೇಂದ್ರ ಸರ್ಕಾರ ಏಳು ಕಂಪನಿಗಳಿಗೆ, ನಿಯಮ ಮೀರಿ ಪಡೆದ ಸಬ್ಸಿಡಿ ವಾಪಸ್ ಕೊಡಿ ಅಂದಿತು. ಕಂಪನಿ ಮುಗ್ಗರಿಸಿದರೆ ಬಿಡಿಭಾಗ ಬರುವುದಿಲ್ಲ, ಮೆಕ್ಯಾನಿಕ್ ಕೈಕಟ್ಟಿ ಕೂರಬೇಕಾಗುತ್ತದೆ. ಆದ್ದರಿಂದ ಸರ್ಕಾರದ ವಾಹನ್ ಡ್ಯಾಶ್‌ಬೋರ್ಡ್‌ನಲ್ಲಿ ಬೆಳಗಾವಿ ಆರ್‌ಟಿಒ, ಅಂದರೆ ಕೆಎ-22 ಆರಿಸಿ, ಆ ಕಂಪನಿಯ ಎಷ್ಟು ಗಾಡಿ ತಿಂಗಳು ತಿಂಗಳು ನೋಂದಣಿಯಾಗಿವೆ ನೋಡ್ರಿ. ಸಂಖ್ಯೆ ಇಳಿಯುತ್ತಲೇ ಇದ್ದರೆ ಬೋರ್ಡು ಎಷ್ಟು ಹೊಳೆದರೂ ಉಪಯೋಗವಿಲ್ಲ. ಬ್ಯಾಟರಿ ಬಿಚ್ಚಲು ಕಂಪನಿಯೇ ತರಬೇತಿ ಕೊಡುತ್ತದೆಯೇ, ಅದನ್ನೂ ಕೇಳ್ರಿ.

ಸೊಸೈಟಿಯಲ್ಲಿ ಸಾಲ ಕೊಡುವಾಗ ಸಾಲಗಾರನ ಉತಾರ, ಜಾಮೀನು ಎಲ್ಲ ನೋಡುತ್ತೇವೆ. ಮಗನ ದುಡಿಮೆಯನ್ನು ಒಬ್ಬನ ಕೈಗೆ ಕೊಡುವಾಗ ಅಷ್ಟಾದರೂ ನೋಡಬೇಡವೇ?