ಅವಿಭಕ್ತ ಕುಟುಂಬದ ಭೂಮಿ ಮತ್ತು ತೆರಿಗೆಯ ನೋಟೀಸು



‘ಅವಿಭಕ್ತ’ ಎಂದರೆ ವಿಭಾಗವಾಗದ್ದು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ‘ಮಿತಾಕ್ಷರ’ವೇ ನಮ್ಮಲ್ಲಿ ಈ ವಿಷಯದ ಧರ್ಮಶಾಸ್ತ್ರಕ್ಕೆ ಆಧಾರ. ಅದರಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಬೇರೆಯಾಗುವೆನೆಂಬ ನಿಶ್ಚಯವನ್ನು ಸ್ಪಷ್ಟವಾಗಿ ತಿಳಿಸಿದರೆ ಸಾಕು, ಒಟ್ಟುತನ ಮುರಿಯಿತೆಂದು ಹಿಂದೂ ನ್ಯಾಯ ಒಪ್ಪುತ್ತದೆ. ಆದರೆ ವರಮಾನ ತೆರಿಗೆಯ ಕಾಯಿದೆಗೆ ಅಷ್ಟು ಸಾಲದು. ಹಂಚಲು ಬರುವ ಆಸ್ತಿಯಾದರೆ ನೆಲದ ಮೇಲೆಯೇ ಹಂಚಿಕೆಯಾಗಿರಬೇಕೆಂದು ಅದು ಕೇಳುತ್ತದೆ. ನೋಟೀಸುಗಳ ತೊಡಕೆಲ್ಲ ಹುಟ್ಟುವುದು ಈ ಅಂತರದಲ್ಲಿ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ತಂದೆತಾಯಿ ತೀರಿಕೊಂಡ ಮೇಲೆ ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ತಂಗಿ. ಪುರಸಭೆಯ ಎಲ್ಲೆಯೊಳಗೆ ಮೂರು ಎಕರೆ ಜಮೀನು. ಜೊತೆಗೆ ಒಂದು ಮನೆ, ಬಾಡಿಗೆಯ ಎರಡು ಮಳಿಗೆಗಳು. ಬಾಡಿಗೆಗಾಗಿ ಕುಟುಂಬದ ಹೆಸರಿನಲ್ಲಿ ತೆರಿಗೆಯ ಲೆಕ್ಕ ಹೋಗುತ್ತಿತ್ತು. 2016ರಲ್ಲಿ ವಿಭಾಗಪತ್ರ ಬರೆದು ನೋಂದಾಯಿಸಿದರು. ತಲಾ ಒಂದು ಎಕರೆ ಬಂತು, ಮನೆ ಮಳಿಗೆಗಳೂ ಹಂಚಿದವು. 2021ರ ಆಗಸ್ಟಿನಲ್ಲಿ ಮೂವರೂ ಕೂಡಿ ಒಂದೇ ಕ್ರಯಪತ್ರದಲ್ಲಿ ಜಮೀನನ್ನು 90 ಲಕ್ಷಕ್ಕೆ ಮಾರಿದರು. ಪತ್ರಬರಹಗಾರರು ಹಳೆಯ ಕಾಗದ ನೋಡಿ ಕುಟುಂಬದ ಪ್ಯಾನ್ ಸಂಖ್ಯೆಯನ್ನೇ ನಮೂದಿಸಿದರು. ಆಗ 30 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿ ವ್ಯವಹಾರಗಳ ವರದಿ ಉಪನೋಂದಣಾಧಿಕಾರಿಯಿಂದ ತೆರಿಗೆ ಇಲಾಖೆಗೆ ಹೋಗುತ್ತಿತ್ತು. 2025ರ ಮಾರ್ಚಿನಲ್ಲಿ ಕುಟುಂಬದ ಹೆಸರಿಗೆ ನೋಟೀಸು ಬಂತು: 90 ಲಕ್ಷದ ಮಾರಾಟವನ್ನು ಏಕೆ ತೋರಿಸಿಲ್ಲ?

‘ನಾವು ಬೇರೆಯಾಗಿದ್ದೇವೆ’ ಎಂಬ ಒಂದು ಸಾಲು ಇದಕ್ಕೆ ಉತ್ತರವಾಗದು. ಹಳೆಯ ವರ್ಷದ ಮಾರಾಟವಾದ್ದರಿಂದ ಇಲ್ಲಿ ಅನ್ವಯಿಸುವುದು 1961ರ ಕಾಯಿದೆಯೇ. 2025ರ ಹೊಸ ಕಾಯಿದೆಗೆ ಗೊತ್ತುಪಡಿಸಿದ್ದು 2026ರ ಏಪ್ರಿಲ್ 1. ಹಳೆಯ ಕಾಯಿದೆಯ 171ನೆಯ ಪ್ರಕರಣದಂತೆ, ಒಮ್ಮೆ ಅವಿಭಕ್ತವೆಂದು ತೆರಿಗೆ ನಿರ್ಧರಿಸಲ್ಪಟ್ಟ ಕುಟುಂಬ, ವಿಭಾಗವಾಯಿತೆಂದು ಅಧಿಕಾರಿ ವಿಚಾರಿಸಿ ಆದೇಶ ಬರೆಯುವವರೆಗೆ ಅವಿಭಕ್ತವಾಗಿಯೇ ಉಳಿಯುತ್ತದೆ. ನಮ್ಮ ಉದಾಹರಣೆಯವರು 2017ರಲ್ಲಿಯೇ ಅರ್ಜಿ ಕೊಟ್ಟು ಆ ಆದೇಶ ಪಡೆದಿದ್ದರು. ಆದ್ದರಿಂದ ಉತ್ತರದ ಮೊದಲ ಲಗತ್ತು ಅದೇ. ಎಂದೂ ತೆರಿಗೆ ನಿರ್ಧಾರಕ್ಕೆ ಒಳಪಡದ ಕುಟುಂಬಕ್ಕೆ ಈ ಆದೇಶದ ಕಟ್ಟಲೆ ಅನ್ವಯಿಸುವುದಿಲ್ಲ. ವಿಭಾಗದ ಸಾಕ್ಷ್ಯವನ್ನು ಮಾತ್ರ ಅದೂ ತೋರಿಸಬೇಕು.

ಎರಡನೆಯದು ನೋಂದಾಯಿತ ವಿಭಾಗಪತ್ರ. ಅದರಲ್ಲಿ ತಾರೀಖು ಮಾರಾಟಕ್ಕೆ ಮೊದಲಿನದೇ, ಪ್ರತಿ ಪಾಲಿಗೂ ಚೆಕ್ಕುಬಂದಿ ಉಂಟೇ, ಎಲ್ಲ ಆಸ್ತಿಯೂ ಸೇರಿದೆಯೇ ಎಂಬ ಮೂರನ್ನು ಅಧಿಕಾರಿ ನೋಡುತ್ತಾರೆ. ಮಳಿಗೆಗಳನ್ನು ಒಟ್ಟಿನಲ್ಲಿಯೇ ಬಿಟ್ಟು ಜಮೀನನ್ನು ಮಾತ್ರ ಹಂಚಿಕೊಂಡಿದ್ದರೆ ಅದು ಭಾಗಶಃ ವಿಭಾಗವಾಗುತ್ತಿತ್ತು. 1978ರ ಡಿಸೆಂಬರ್ 31ರ ಅನಂತರದ ಅಂಥ ವಿಭಾಗವನ್ನು ಈ ಕಾಯಿದೆ ಮಾನ್ಯ ಮಾಡುವುದಿಲ್ಲ. 90 ಲಕ್ಷವೂ ಕುಟುಂಬದ ಲೆಕ್ಕಕ್ಕೇ ಬೀಳುತ್ತಿತ್ತು.

ಮೂರನೆಯದು ಒಡೆತನದ ದಾಖಲೆಗಳ ಸರಪಳಿ. ತಾತ ಕೊಂಡ ಮೂಲ ಕ್ರಯಪತ್ರ, ಅನಂತರ ವಿಭಾಗಪತ್ರ, ಮ್ಯುಟೇಷನ್ನಿನ ನಕಲು, ಪೋಡಿಯ ನಕ್ಷೆ, ಪಹಣಿ, ಋಣಭಾರ ಪತ್ರ, ಕಡೆಯಲ್ಲಿ ಮಾರಾಟದ ಕ್ರಯಪತ್ರ. ಅನೇಕರು ಎಡವುವುದು ಇಲ್ಲಿಯೇ. ತಂದೆ ತೀರಿದ ಮೇಲೆ ಆಗುವ ಪೌತಿ ಖಾತೆಯನ್ನೇ ವಿಭಾಗವೆಂದು ತಿಳಿಯುತ್ತಾರೆ. ಪೌತಿಯಿಂದ ವಾರಸುದಾರರ ಹೆಸರುಗಳು ಜಂಟಿಯಾಗಿ ಏರುತ್ತವೆಯೇ ಹೊರತು ನೆಲ ಹಂಚಿಕೆಯಾಗದು. ಪಹಣಿಯ 9ನೆಯ ಕಾಲಮ್ಮು ನೋಡಿ: ಮೂರು ಹೆಸರುಗಳು ಒಟ್ಟಿಗಿದ್ದು ವಿಸ್ತೀರ್ಣ ಒಂದೇ ಆಗಿದ್ದರೆ ಅದು ಜಂಟಿ. ಪೋಡಿಯಾಗಿ ಸರ್ವೆ ನಂಬರು ಒಡೆದು, ಒಬ್ಬೊಬ್ಬರ ಹೆಸರಿಗೂ ಒಂದೊಂದು ಎಕರೆ ಬಂದಿದ್ದರೆ ಪತ್ರದ ಮಾತಿಗೆ ನೆಲ ಸಾಕ್ಷಿ ನುಡಿದಂತೆ. ಆದರೆ ಪಹಣಿಯೊಂದೇ ಒಡೆತನವನ್ನು ಸ್ಥಾಪಿಸದು. ಬೇರೆ ರುಜುವಾತು ಬರುವವರೆಗೆ ನಿಜವೆಂದು ಭಾವಿಸುವ ದಾಖಲೆ ಅದು. ಆದುದರಿಂದಲೇ ಮೂಲಪತ್ರ ಬೇಕು.

ನಾಲ್ಕನೆಯದು ಹಣದ ದಾರಿ. ತಲಾ 30 ಲಕ್ಷ ಮೂವರ ಬೇರೆ ಬೇರೆ ಬ್ಯಾಂಕು ಖಾತೆಗಳಿಗೆ ಬಂದುದರ ಪಟ್ಟಿ, ಅದರ ಲಾಭವನ್ನು ಅವರವರು ತೋರಿಸಿದ ರಿಟರ್ನುಗಳ ನಕಲು. ಅಣ್ಣನೊಬ್ಬನ ಖಾತೆಗೇ ಎಲ್ಲವೂ ಬಂದಿದ್ದರೆ ವಿಭಾಗಪತ್ರದ ಮೇಲೆಯೇ ಸಂಶಯ ಬೀಳುತ್ತದೆ. ಒಟ್ಟು ವಿಭಾಗದಲ್ಲಿ ಪಾಲು ಕೈಸೇರುವುದು ಮಾರಾಟವಲ್ಲ, ಅದಕ್ಕೆ ತೆರಿಗೆಯಿಲ್ಲ. ಮುಂದೆ ಮಾರಿದಾಗ ಕುಟುಂಬಕ್ಕೆ ಬಿದ್ದಿದ್ದ ಬೆಲೆಯೇ ಪಾಲುದಾರನ ಕೊಂಡ ಬೆಲೆಯೆಂದು ಎಣಿಕೆಯಾಗುತ್ತದೆ.

ಉತ್ತರವನ್ನು ನೋಟೀಸಿನ ಗಡುವಿನೊಳಗೆ, ಕುಟುಂಬದ ಪ್ಯಾನ್ ತಪ್ಪಾಗಿ ನಮೂದಾದ ಬಗೆಯನ್ನು ಮೊದಲು ಹೇಳಿ, ಲಗತ್ತುಗಳಿಗೆ ಸಂಖ್ಯೆ ಕೊಟ್ಟು ಸಲ್ಲಿಸಬೇಕು. ಸಲ್ಲಿಸಿದ ಸ್ವೀಕೃತಿಯನ್ನು ವಿಭಾಗಪತ್ರದ ಜೊತೆಗೇ ಕಟ್ಟಿಡಿ.