ಬೆಂಗಳೂರು ಎಷ್ಟು ದೊಡ್ಡದು?



ನಮ್ಮ ತಾಳಗುಂದದ ಗಡಿಯೊಳಗೆ ಗದ್ದೆ, ಕೆರೆ ಎಲ್ಲ ಇವೆ. ಮನೆಗಳಿರುವ ಜಾಗ ಸ್ವಲ್ಪವೇ. ನಗರದ್ದೂ ಇದೇ ಕಥೆ.

ಜನಗಣತಿಯಲ್ಲಿ ಬೆಂಗಳೂರು ನಗರದ ಜನ 2001ರಲ್ಲಿ 43 ಲಕ್ಷ, 2011ರಲ್ಲಿ 84 ಲಕ್ಷ. ಊರು ಇಮ್ಮಡಿಯಾಯಿತೇ? ಇಲ್ಲ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು. ಸುಮಾರು 226 ಚದರ ಕಿಲೋಮೀಟರಿದ್ದ ವಿಸ್ತೀರ್ಣ 700 ದಾಟಿತು. ಯಲಹಂಕದ ಮನೆಗಳು ಮೊದಲೇ ಇದ್ದವು, ಲೆಕ್ಕಕ್ಕೆ ಆಗ ಬಂದವು. ಸುತ್ತಲಿನ ಪಟ್ಟಣಗಳನ್ನೂ ಕೂಡಿಸಿದ ನಗರ ಸಮೂಹದ ಲೆಕ್ಕದಲ್ಲಿ 57 ಲಕ್ಷ 85 ಲಕ್ಷವಾಗಿದೆ, ಅಷ್ಟೆ. ನನಗೆ ನಂಬಿಕೆ ಇದರ ಮೇಲೆ.

ತೆರಿಗೆಗೆ, ಚುನಾವಣೆಗೆ ಅಧಿಕೃತ ವಿಸ್ತೀರ್ಣವೇ ಬೇಕು. ಎರಡು ನಗರಗಳನ್ನು ಹೋಲಿಸುವಾಗ ಮಾತ್ರ ಉಪಗ್ರಹ ಚಿತ್ರದಲ್ಲಿ ಒತ್ತೊತ್ತಾಗಿ ಕಾಣುವ ಕಟ್ಟಡಗಳ ಹರವನ್ನು ಅಳೆಯಿರಿ. ಎಷ್ಟು ಮೀಟರ್ ಬಯಲು ಬಂದರೆ ಊರು ಮುಗಿಯಿತು ಎಂಬ ನಿಯಮ ಎರಡಕ್ಕೂ ಒಂದೇ ಇರಬೇಕು.