ಏಕೆಂದರೆ ಎಂಬ ಮಾತು
(ಸಂಘದ ವಾರ್ಷಿಕೋತ್ಸವದ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣ)



ರೇಖಾಗಣಿತದ ಸಾಧನೆಯಲ್ಲಿ ಪ್ರತಿಯೊಂದು ಹೆಜ್ಜೆಗೂ ಕಾರಣವನ್ನು ಬರೆಯಬೇಕೆಂದು ನಾವು ಉಪಾಧ್ಯಾಯರು ಒತ್ತಾಯಿಸುತ್ತೇವೆ. ಮಕ್ಕಳಿಗೆ ಇದು ಬೇಸರದ ಕೆಲಸ. ಉತ್ತರ ಸರಿಯಾಗಿದ್ದರೂ ಅಂಕಗಳನ್ನು ಏಕೆ ಕಳೆದಿರೆಂದು ಮನೆಯವರೂ ಒಮ್ಮೊಮ್ಮೆ ಕೇಳುವುದುಂಟು. ಆ ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉಪದೇಶದಿಂದ ಉತ್ತರ ಕೊಡುವುದಕ್ಕಿಂತ ಒಂದೇ ಒಂದು ಪ್ರಮೇಯವನ್ನು ಕೈಗೆತ್ತಿಕೊಂಡು, ಕಾರಣದ ಸಾಲು ಅದರಲ್ಲಿ ಮಾಡುವ ಕೆಲಸವೇನೆಂಬುದನ್ನು ತೋರಿಸುವುದು ಮೇಲೆಂದು ನಮಗೆ ತೋರುತ್ತದೆ.

ಪ್ರಮೇಯ ಎಲ್ಲರಿಗೂ ತಿಳಿದದ್ದೇ. ತ್ರಿಭುಜವೊಂದರ ಎರಡು ಬಾಹುಗಳು ಸಮವಾಗಿದ್ದರೆ ಅವುಗಳಿಗೆ ಅಭಿಮುಖವಾದ ಕೋನಗಳೂ ಸಮ. ಅಬಕ ಒಂದು ತ್ರಿಭುಜ. ಅಬ = ಅಕ ಎಂಬುದು ದತ್ತ. ಬ ಕೋನವು ಕ ಕೋನಕ್ಕೆ ಸಮವೆಂಬುದು ಸಾಧಿಸಬೇಕಾದುದು. ಪುಸ್ತಕದಲ್ಲಿರುವ ಸಾಧನೆ ಹೀಗೆ ನಡೆಯುತ್ತದೆ. ಅ ಕೋನವನ್ನು ಅರ್ಧಿಸುವ ರೇಖೆಯನ್ನು ಎಳೆದು, ಅದು ಪಾದವಾದ ಬಕ ರೇಖೆಯನ್ನು ಸಂಧಿಸುವ ಬಿಂದುವನ್ನು ಡ ಎನ್ನೋಣ. ಈಗ ಅಬಡ, ಅಕಡ ಎಂಬ ಎರಡು ತ್ರಿಭುಜಗಳು ದೊರೆತವು. ಅವುಗಳಲ್ಲಿ,

ಅಬ = ಅಕ. ಕಾರಣ: ದತ್ತ.
ಬಅಡ ಕೋನ = ಕಅಡ ಕೋನ. ಕಾರಣ: ರಚನೆ.
ಅಡ = ಅಡ. ಕಾರಣ: ಎರಡಕ್ಕೂ ಸಾಮಾನ್ಯವಾದ ಬಾಹು.
ಆದುದರಿಂದ ಎರಡು ತ್ರಿಭುಜಗಳೂ ಸರ್ವಸಮ. ಕಾರಣ: ಬಾಹು-ಕೋನ-ಬಾಹು.
ಆದುದರಿಂದ ಬ ಕೋನ = ಕ ಕೋನ. ಕಾರಣ: ಸರ್ವಸಮ ತ್ರಿಭುಜಗಳ ಅನುರೂಪ ಕೋನಗಳು.

ಹೇಳಿಕೆಗಳು ಐದು, ಕಾರಣಗಳೂ ಐದು. ಆ ಕಾರಣಗಳು ಬಂದ ಮೂಲಗಳನ್ನು ಗಮನಿಸಿರಿ. ಮೊದಲನೆಯದು ಪ್ರಶ್ನೆಯಿಂದ ಬಂತು, ಎರಡನೆಯದು ನಾವೇ ಮಾಡಿದ ರಚನೆಯಿಂದ ಬಂತು, ಉಳಿದವು ಹಿಂದೆಯೇ ಒಪ್ಪಿದ ಇಲ್ಲವೆ ಸಾಧಿಸಿದ ನಿಯಮಗಳಿಂದ ಬಂದವು. ನ್ಯಾಯವಾದ ಕಾರಣಕ್ಕೆ ಇವಲ್ಲದೆ ಬೇರೆ ಬಾಗಿಲಿಲ್ಲ. "ಚಿತ್ರದಲ್ಲಿ ಹಾಗೆ ಕಾಣುತ್ತದೆ" ಎಂಬುದಕ್ಕೆ ಇವುಗಳಲ್ಲಿ ಯಾವುದರೊಳಗೂ ಎಡೆಯಿಲ್ಲ.

ಈಗ ನಾವು ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳಿಗೆ ಬರೋಣ. ಒಬ್ಬ ಹುಡುಗ ರಚನೆಯಲ್ಲಿ ಹೀಗೆ ಬರೆಯುತ್ತಾನೆ: "ಅ ಬಿಂದುವಿನಿಂದ ಬಕ ರೇಖೆಗೆ ಲಂಬವಾಗಿಯೂ ಅದನ್ನು ಅರ್ಧಿಸುವಂತೆಯೂ ಅಡ ರೇಖೆಯನ್ನು ಎಳೆ." ಮುಂದೆ ಎಲ್ಲವೂ ಸಲೀಸಾಗಿ ಸಾಗುತ್ತದೆ, ತ್ರಿಭುಜಗಳು ಸರ್ವಸಮವಾಗುತ್ತವೆ, ಕೋನಗಳು ಸಮವಾಗುತ್ತವೆ. ಆದರೆ ಕಾರಣದ ಸಾಲಿನಲ್ಲಿ "ರಚನೆ" ಎಂಬ ಮಾತು ಒಂದೇ ರೇಖೆಯನ್ನು ಕುರಿತು ಎರಡು ಸಲ ಬಂದಿರುತ್ತದೆ. ಅಲ್ಲಿಯೇ ನಾವು ನಿಲ್ಲಬೇಕು. ಅ ಬಿಂದುವಿನಿಂದ ಲಂಬವನ್ನು ಎಳೆಯುವ ಸ್ವಾತಂತ್ರ್ಯ ನಮಗುಂಟು. ಆದರೆ ಅದು ಪಾದವನ್ನು ಎಲ್ಲಿ ಮುಟ್ಟಬೇಕೆಂಬುದು ನಮ್ಮ ಕೈಯಲ್ಲಿಲ್ಲ. ಬಕ ರೇಖೆಯ ಮಧ್ಯಬಿಂದುವಿಗೆ ರೇಖೆಯನ್ನು ಎಳೆಯಬಹುದು. ಆದರೆ ಅದು ಲಂಬವಾಗಿರುವುದೋ ಇಲ್ಲವೋ ನಾವು ಆಜ್ಞೆ ಮಾಡಲಾರೆವು. ಒಂದು ರೇಖೆಯ ಮೇಲೆ ಎರಡು ಕಟ್ಟಳೆಗಳನ್ನು ಹೇರಿದಾಗ, ಅಂಥ ರೇಖೆ ಇದೆಯೇ ಎಂಬುದನ್ನೇ ಮೊದಲು ಸಾಧಿಸಬೇಕಾಗುತ್ತದೆ. ಹುಡುಗನಿಗೆ ತನ್ನ ತಪ್ಪು ಚಿತ್ರದಲ್ಲಿ ಕಾಣಲಿಲ್ಲ, ಏಕೆಂದರೆ ಚಿತ್ರದಲ್ಲಿ ಎರಡೂ ನಿಜವೇ ಆಗಿದ್ದುವು. ಕಾರಣದ ಸಾಲಿನಲ್ಲಿ ಮಾತ್ರ ಅದು ಬಯಲಾಯಿತು.

ಇನ್ನೊಬ್ಬಳು ಹುಡುಗಿ ಜಾಣೆ. ಅವಳು ಒಂದೇ ಕಟ್ಟಳೆಯನ್ನು ಇಟ್ಟುಕೊಳ್ಳುತ್ತಾಳೆ. ಬಕ ರೇಖೆಯ ಮಧ್ಯಬಿಂದು ಡ. ಅಡ ರೇಖೆಯನ್ನು ಎಳೆ. ಅಬ = ಅಕ, ದತ್ತ. ಬಡ = ಕಡ, ರಚನೆ. ಅಡ ಸಾಮಾನ್ಯ ಬಾಹು. ಆದುದರಿಂದ ಬಾಹು-ಬಾಹು-ಬಾಹು ನಿಯಮದಂತೆ ತ್ರಿಭುಜಗಳು ಸರ್ವಸಮ. ಇದರಲ್ಲಿ ಯಾವ ಹೆಜ್ಜೆಯೂ ಸುಳ್ಳಲ್ಲ. ಆದರೂ ಇಲ್ಲಿ ಒಂದು ಸೂಕ್ಷ್ಮವುಂಟು. ಬಾಹು-ಬಾಹು-ಬಾಹು ನಿಯಮವನ್ನು ನಮ್ಮ ಪಾಠಗಳಲ್ಲಿ ಸಾಧಿಸುವ ಬಗೆಯೇನು? ಒಂದು ತ್ರಿಭುಜವನ್ನು ಇನ್ನೊಂದರ ಪಾದಕ್ಕೆ ತಲೆಕೆಳಗಾಗಿ ಜೋಡಿಸಿ, ಎರಡು ಶೃಂಗಗಳನ್ನು ಸೇರಿಸಿ, ಅಲ್ಲಿ ಉಂಟಾಗುವ ಸಮದ್ವಿಬಾಹು ತ್ರಿಭುಜಗಳ ಪಾದಕೋನಗಳು ಸಮವೆನ್ನುತ್ತೇವೆ. ಎಂದರೆ ಆ ನಿಯಮವೇ ಈ ಪ್ರಮೇಯದ ಹೆಗಲ ಮೇಲೆ ನಿಂತಿದೆ. ಮಗುವಿನ ಹೆಗಲ ಮೇಲೆ ತಾಯಿಯನ್ನು ಕೂರಿಸಿದಂತಾಯಿತು. ಲಂಬವನ್ನು ಎಳೆದು ಲಂಬಕೋನ-ವಿಕರ್ಣ-ಬಾಹು ನಿಯಮವನ್ನು ಹೇಳಿದವರಿಗೂ ಸಾಮಾನ್ಯವಾಗಿ ಇದೇ ಗತಿ. ಆ ನಿಯಮವನ್ನೂ ಹಲವು ಪುಸ್ತಕಗಳಲ್ಲಿ ಪಾದಕೋನಗಳ ಸಮತೆಯಿಂದಲೇ ಸಾಧಿಸಿರುತ್ತಾರೆ.

ಹಾಗಾದರೆ ಹುಡುಗಿಯ ಉತ್ತರ ತಪ್ಪೇ? ಅದು ಅವಳ ಪುಸ್ತಕದ ಕ್ರಮವನ್ನು ಅವಲಂಬಿಸಿದೆ. ಬಾಹು-ಬಾಹು-ಬಾಹು ನಿಯಮವನ್ನು ಸಾಧನೆಯಿಲ್ಲದೆ ಮೊದಲೇ ಒಪ್ಪಿಕೊಂಡ ಪುಸ್ತಕದಲ್ಲಿ ಅವಳ ಉತ್ತರ ಪೂರ್ಣ ಅಂಕಗಳಿಗೆ ಅರ್ಹ. ಅದನ್ನು ಮುಂದೆ ಸಾಧಿಸುವ ಪುಸ್ತಕದಲ್ಲಿ ಅದು ಚಕ್ರ ಸುತ್ತಿದಂತೆ. ಹೀಗಾಗಿ, ಕಾರಣವು ನಿಜವಾಗಿದ್ದರೆ ಸಾಲದು, ನಾವು ಸಾಧಿಸುತ್ತಿರುವುದಕ್ಕಿಂತ ಮೊದಲಿನದಾಗಿರಬೇಕು. ಪ್ರಮೇಯಗಳಿಗೆ ಸಂಖ್ಯೆ ಹಾಕಿ, ಕಾರಣದಲ್ಲಿ ಆ ಸಂಖ್ಯೆಯನ್ನು ಬರೆಯುವ ಹಳೆಯ ಪದ್ಧತಿಯ ಪ್ರಯೋಜನ ಇದೇ. ಹನ್ನೆರಡನೆಯ ಪ್ರಮೇಯಕ್ಕೆ ಹದಿನೈದನೆಯದು ಕಾರಣವಾಗಿ ಬಂದರೆ, ರೇಖಾಗಣಿತವನ್ನು ಅರಿಯದವರಿಗೂ ತಪ್ಪು ಕಾಣುತ್ತದೆ.

ಈ ತೊಡಕು ನಮ್ಮ ಮಕ್ಕಳಿಗೆ ಮಾತ್ರ ಬಂದದ್ದಲ್ಲ. ಕ್ರಿಸ್ತಪೂರ್ವ ಸುಮಾರು 300ರಲ್ಲಿದ್ದ ಯೂಕ್ಲಿಡ್ ತನ್ನ ಗ್ರಂಥದ ಮೊದಲ ಸಂಪುಟದಲ್ಲಿ ಇದನ್ನು 5ನೆಯ ಪ್ರಮೇಯವಾಗಿ ಇಟ್ಟನು. ಕೋನವನ್ನು ಅರ್ಧಿಸುವ ರೀತಿ ಅವನಲ್ಲಿ ಬರುವುದು 9ನೆಯದಾಗಿ. ಅದಕ್ಕೆ ಆಧಾರ 8ನೆಯದಾದ ಬಾಹು-ಬಾಹು-ಬಾಹು ನಿಯಮ. ಆದುದರಿಂದ ನಮ್ಮ ಪುಸ್ತಕದ ಸುಲಭ ರಚನೆಯೂ ಅವನಿಗೆ ಅಲ್ಲಿ ದಕ್ಕುವಂತಿರಲಿಲ್ಲ. ಅವನು ಸಮಬಾಹುಗಳನ್ನು ಪಾದದಿಂದ ಕೆಳಕ್ಕೆ ಬೆಳೆಸಿ, ಎರಡು ಜೊತೆ ತ್ರಿಭುಜಗಳನ್ನು ಹೋಲಿಸಿ, ಸುತ್ತುದಾರಿಯಲ್ಲಿ ಸಾಧಿಸಿದನು. ಈ ಪ್ರಮೇಯಕ್ಕೆ ಯೂರೋಪಿನ ಶಾಲೆಗಳಲ್ಲಿ "ಕತ್ತೆಗಳ ಸೇತುವೆ" ಎಂಬ ಅಡ್ಡಹೆಸರು ಬಂತು. ನಾವು ಕೋನಾರ್ಧಕ ಇದ್ದೇ ಇದೆಯೆಂದು ಒಪ್ಪಿಕೊಂಡು ಹೊರಡುವುದರಿಂದ ನಮ್ಮ ದಾರಿ ಹತ್ತಿರವಾಗಿದೆ.

ಪಪ್ಪಸನೆಂಬ ಗ್ರೀಕ್ ಗಣಿತಜ್ಞನು ಮಾಡಿದ ಸಾಧನೆಯನ್ನು ಪ್ರೊಕ್ಲಸನು ದಾಖಲಿಸಿದ್ದಾನೆ. ಅದಕ್ಕೆ ಯಾವ ರಚನೆಯೂ ಬೇಡ. ಅಬಕ ತ್ರಿಭುಜವನ್ನು ಅದರದೇ ಮಗುಚಿದ ರೂಪವಾದ ಅಕಬ ತ್ರಿಭುಜದೊಡನೆ ಹೋಲಿಸಿರಿ. ಅಬ = ಅಕ, ದತ್ತ. ಅಕ = ಅಬ, ಅದೇ ದತ್ತ. ನಡುವಿನ ಅ ಕೋನ ತನಗೆ ತಾನೇ ಸಮ. ಬಾಹು-ಕೋನ-ಬಾಹು ನಿಯಮದಂತೆ ಸರ್ವಸಮ; ಆದುದರಿಂದ ಬ ಕೋನ = ಕ ಕೋನ. ಚಿತ್ರವನ್ನೇ ನಂಬಿದವನಿಗೆ ಇಲ್ಲಿ ಎರಡನೆಯ ತ್ರಿಭುಜವೇ ಕಾಣದು. ಕಾರಣಗಳನ್ನು ನಂಬಿದವನಿಗೆ ಮಾತ್ರ ಇದು ಹೊಳೆಯುತ್ತದೆ.

ಮೂರನೆಯ ತಪ್ಪು ಭಾಷೆಗೆ ಸೇರಿದುದು. ಒಂದು ಚತುರ್ಭುಜ ಅಬಕಡ. ಅಬ ಮತ್ತು ಡಕ ಬಾಹುಗಳು ಸಮವಾಗಿಯೂ ಸಮಾಂತರವಾಗಿಯೂ ಇವೆ. ಉಳಿದ ಎರಡು ಬಾಹುಗಳೂ ಸಮಾಂತರವೆಂದು ಸಾಧಿಸಬೇಕು. ಅಕ ಕರ್ಣವನ್ನು ಎಳೆಯುತ್ತೇವೆ. ಬಅಕ ಕೋನ = ಡಕಅ ಕೋನ; ಕಾರಣ: "ಪರ್ಯಾಯ ಕೋನಗಳು". ಬಾಹು-ಕೋನ-ಬಾಹು ನಿಯಮದಂತೆ ಅಬಕ, ಕಡಅ ತ್ರಿಭುಜಗಳು ಸರ್ವಸಮ. ಆದುದರಿಂದ ಬಕಅ ಕೋನ = ಡಅಕ ಕೋನ. ಆದುದರಿಂದ ಬಕ, ಅಡ ಸಮಾಂತರ; ಕಾರಣ: "ಪರ್ಯಾಯ ಕೋನಗಳು". ಒಂದೇ ಮಾತು ಎರಡು ಕಡೆ ಬಂದಿದೆ. ಆದರೆ ಅವು ಎರಡು ಬೇರೆ ಪ್ರಮೇಯಗಳು, ಒಂದಕ್ಕೊಂದು ವಿಲೋಮ. ಮಗುವಿಗೆ ಆ ಭೇದ ತಿಳಿದಿದೆಯೇ ಎಂಬುದು ಈ ತುಂಡು ಮಾತಿನಿಂದ ಗೊತ್ತಾಗದು.

ಪೂರ್ಣ ವಾಕ್ಯದಲ್ಲಿ ಬರೆಯಿಸಿ ನೋಡಿರಿ. ಮೊದಲನೆಯದು, "ರೇಖೆಗಳು ಸಮಾಂತರವಾಗಿರುವುದರಿಂದ ಪರ್ಯಾಯ ಕೋನಗಳು ಸಮ." ಎರಡನೆಯದು, "ಪರ್ಯಾಯ ಕೋನಗಳು ಸಮವಾಗಿರುವುದರಿಂದ ರೇಖೆಗಳು ಸಮಾಂತರ." ನಮ್ಮ ಕನ್ನಡದ "ಇರುವುದರಿಂದ" ಎಂಬ ರೂಪವು ತಿಳಿದದ್ದನ್ನು ಮುಂದಿಟ್ಟು ಸಾಧಿಸಿದ್ದನ್ನು ಹಿಂದಿಡುತ್ತದೆ. ಅದರ ಮುಂದೆ ಬರುವ ಸಂಗತಿ ಮೇಲಿನ ಸಾಲುಗಳಲ್ಲಿ ಆಗಲೇ ಇರಬೇಕು. ಎರಡನೆಯ ವಾಕ್ಯವನ್ನು ಬರೆಯಬೇಕಾದಲ್ಲಿ ಮೊದಲನೆಯದನ್ನು ಬರೆದ ಮಗು, ಸಾಧಿಸಬೇಕಾದುದನ್ನೇ ತಿಳಿದದ್ದಾಗಿ ಎಣಿಸಿದೆ ಎಂಬುದು ಕೂಡಲೇ ಗೋಚರವಾಗುತ್ತದೆ.

ಕಾರಣದ ಸಾಲಿಗೂ ಒಂದು ಮಿತಿಯುಂಟೆಂಬುದನ್ನು ಮರೆಮಾಚಬಾರದು. ಎಲ್ಲ ತ್ರಿಭುಜಗಳೂ ಸಮದ್ವಿಬಾಹುಗಳೆಂದು ಸಾಧಿಸುವ ಒಂದು ಪ್ರಸಿದ್ಧ ಕುಚೋದ್ಯವಿದೆ. ಅ ಕೋನದ ಅರ್ಧಕವೂ ಬಕ ಬಾಹುವಿನ ಲಂಬಾರ್ಧಕವೂ ತ್ರಿಭುಜದ ಒಳಗೆ ಸಂಧಿಸಿದಂತೆ ಚಿತ್ರ ಬರೆದು, ಆ ಬಿಂದುವಿನಿಂದ ಅಬ, ಅಕ ಬಾಹುಗಳಿಗೆ ಲಂಬಗಳನ್ನು ಎಳೆಯುತ್ತಾರೆ. ಸರ್ವಸಮತೆಯಿಂದ ತುಂಡುಗಳು ಸಮವೆಂದು ತೋರಿಸಿ, ಅವನ್ನು ಕೂಡಿಸಿ ಅಬ = ಅಕ ಎನ್ನುತ್ತಾರೆ. ಸರ್ವಸಮತೆಯ ಕಾರಣಗಳೆಲ್ಲ ಸರಿಯೇ. ಆದರೆ ಬಾಹುಗಳು ಅಸಮವಾಗಿರುವಾಗ ಆ ಬಿಂದು ತ್ರಿಭುಜದ ಹೊರಗೆ ಬೀಳುತ್ತದೆ. ಒಂದು ಲಂಬ ಬಾಹುವಿನ ಮೇಲೆಯೂ ಇನ್ನೊಂದು ಬೆಳೆಸಿದ ಬಾಹುವಿನ ಮೇಲೆಯೂ ಬಂದು, ಒಂದು ಕಡೆ ಕೂಡಿಸಬೇಕಾದರೆ ಇನ್ನೊಂದು ಕಡೆ ಕಳೆಯಬೇಕಾಗುತ್ತದೆ. "ಒಳಗೆ" ಎಂಬ ಮಾತಿಗೆ ಯಾರೂ ಕಾರಣ ಕೇಳಲಿಲ್ಲ, ಅದನ್ನು ಯಾರೂ ಬರೆಯಲೂ ಇಲ್ಲ. ಬರೆಯದೆ ನುಸುಳಿದ ಹೇಳಿಕೆಯನ್ನು ಕಾರಣದ ಸಾಲು ಹಿಡಿಯಲಾರದು. ಚಿತ್ರವನ್ನು ಇನ್ನೊಂದು ಆಕಾರದಲ್ಲಿ ಮತ್ತೆ ಬರೆದು ನೋಡುವುದೇ ಅದಕ್ಕೆ ಮದ್ದು.

ಮನೆಯಲ್ಲಿ ಮಕ್ಕಳ ಪುಸ್ತಕವನ್ನು ನೋಡುವ ತಂದೆತಾಯಂದಿರು ರೇಖಾಗಣಿತವನ್ನು ಕಲಿತಿರಬೇಕೆಂದಿಲ್ಲ. ಚಿತ್ರವನ್ನು ಕೈಯಿಂದ ಮುಚ್ಚಿರಿ. ಒಂದೊಂದು ಸಾಲಿಗೂ ಬೆರಳಿಟ್ಟು, "ಇದು ಪ್ರಶ್ನೆಯಲ್ಲಿತ್ತೇ, ನೀನು ಎಳೆದದ್ದೇ, ಮೊದಲೇ ಕಲಿತದ್ದೇ?" ಎಂದು ಕೇಳಿರಿ. ಮೊದಲೇ ಕಲಿತದ್ದೆಂದರೆ, ಪುಸ್ತಕದಲ್ಲಿ ಆ ಪುಟವನ್ನು ತೆರೆದು ತೋರಿಸಲು ಹೇಳಿರಿ. ಆ ಪುಟ ಇಂದಿನ ಪಾಠಕ್ಕಿಂತ ಹಿಂದೆ ಇದ್ದರೆ ಮುಂದಿನ ಸಾಲಿಗೆ ಹೋಗಬಹುದು; ಮುಂದೆ ಇದ್ದರೆ, ಮಗುವಿನೊಡನೆ ಆ ಸಾಲಿನಲ್ಲಿಯೇ ಕುಳಿತುಕೊಳ್ಳಿರಿ.